ಸ್ಟೋಕ್ಸ್ ಪ್ರಮೇಯ: ಯಾವ ಮೇಲ್ಮೈ ಹಿಡಿದರೆ ಲೆಕ್ಕ ಸಲೀಸು?

ಕರ್ಲ್ ಪ್ರಮೇಯ ಅಥವಾ ಸ್ಟೋಕ್ಸ್ ಪ್ರಮೇಯ ಸುಮಾರು ಎಲ್ಲರಿಗೂ ಬಾಯಿಪಾಠ ಬರುತ್ತದೆ. ಎಂಜಿನಿಯರಿಂಗ್ ಮೊದಲ ವರ್ಷದವರು, ಬಿ.ಎಸ್ಸಿ. ಓದುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಬೇರೆಯೇ. "ಸೂತ್ರ ಗೊತ್ತು, ಆದ್ರೆ ಮೇಲ್ಮೈ ಯಾವುದು ತಗೋಬೇಕು? ಪ್ರಶ್ನೆಯಲ್ಲಿ ಬರೀ ವಕ್ರರೇಖೆ ಕೊಟ್ಟಿದ್ದಾರಲ್ಲ?" ಈ ಲೇಖನ ಪೂರ್ತಿ ಆ ಒಂದು ಪ್ರಶ್ನೆಗೆ ಉತ್ತರ. ಒಂದೇ ಲೆಕ್ಕ ಹಿಡಿದು ಮೊದಲಿಂದ ಕೊನೆತನಕ ಮಾಡೋಣ. ಎಲ್ಲೆಲ್ಲಿ ತಪ್ಪಾಗುತ್ತದೆ, ತಪ್ಪಾದರೆ ಉತ್ತರ ಎಷ್ಟು ಬರುತ್ತದೆ ಅನ್ನುವುದನ್ನೂ ಅದೇ ಲೆಕ್ಕದಲ್ಲಿ ನೋಡೋಣ.

ನಿಮಗೆ ಗೊತ್ತಿರಬೇಕಾದದ್ದು ಇಷ್ಟು: ಪಾರ್ಶಿಯಲ್ ಡೆರಿವೇಟಿವ್ ತೆಗೆಯುವುದು, ಡಾಟ್ ಮತ್ತು ಕ್ರಾಸ್ ಗುಣಾಕಾರ, ವೃತ್ತದ ಮೇಲೆ ಡಬಲ್ ಇಂಟಿಗ್ರಲ್ ಮಾಡುವುದು. ಅಷ್ಟು ಸಾಕು.

## ಮೊದಲು ಪದಗಳು

ವೆಕ್ಟರ್ ಫೀಲ್ಡ್ ಅಂದರೆ ಜಾಗದ ಪ್ರತಿ ಬಿಂದುವಿನಲ್ಲೂ ಒಂದೊಂದು ಬಾಣ ಇದೆ ಅಂತ. ನೀರಿನ ಹರಿವಿನ ವೇಗ, ಕಾಂತಕ್ಷೇತ್ರ, ಇವೆಲ್ಲ ಹಾಗೆಯೇ. ಈಗ ಮುಚ್ಚಿದ ಒಂದು ವಕ್ರರೇಖೆಯ ಮೇಲೆ ಒಂದು ಸುತ್ತು ನಡೆಯುತ್ತೀರಿ ಅಂದುಕೊಳ್ಳಿ. ಪ್ರತಿ ಸಣ್ಣ ಹೆಜ್ಜೆಗೂ ಅಲ್ಲಿನ ಬಾಣ ನೀವು ಹೋಗುವ ದಿಕ್ಕಿನಲ್ಲಿ ಎಷ್ಟಿದೆ ಅಂತ ನೋಡಿ, ಹೆಜ್ಜೆಯ ಉದ್ದದಿಂದ ಗುಣಿಸಿ, ಎಲ್ಲವನ್ನೂ ಕೂಡಿ. ಆ ಮೊತ್ತವೇ ಸರ್ಕ್ಯುಲೇಷನ್, ಅಂದರೆ ಪರಿಚಲನೆ.

ಕರ್ಲ್ ಅಂದರೆ ಅದೇ ಮೊತ್ತವನ್ನು ತೀರಾ ಸಣ್ಣ ಸುತ್ತಿಗೆ ಮಾಡಿ, ಆ ಸುತ್ತಿನ ವಿಸ್ತೀರ್ಣದಿಂದ ಭಾಗಿಸಿದರೆ ಸಿಗುವುದು. ಒಂದು ಬಿಂದುವಿನ ಹತ್ತಿರ ಫೀಲ್ಡ್ ಎಷ್ಟು ತಿರುಗುತ್ತಿದೆ, ಯಾವ ಅಕ್ಷದ ಸುತ್ತ ತಿರುಗುತ್ತಿದೆ ಅನ್ನುವುದನ್ನು ಅದು ಹೇಳುತ್ತದೆ. ಪ್ರಮೇಯ ಹೀಗಿದೆ:

```
∮_C F · dr  =  ∬_S (curl F) · n dS
```

ಎಡಗಡೆ ಇರುವುದು C ಅನ್ನುವ ರೇಖೆಯ ಸುತ್ತಲಿನ ಸರ್ಕ್ಯುಲೇಷನ್. ಬಲಗಡೆ ಇರುವುದು S ಅನ್ನುವ ಮೇಲ್ಮೈಯನ್ನು ಹಾದುಹೋಗುವ ಕರ್ಲ್‌ನ ಮೊತ್ತ. n ಅಂದರೆ ಮೇಲ್ಮೈಗೆ ಲಂಬವಾಗಿ ನಿಂತ ಒಂದು ಯೂನಿಟ್ ಉದ್ದದ ಬಾಣ, ಇದನ್ನು ನಾರ್ಮಲ್ ಅನ್ನುತ್ತಾರೆ. S ಗೆ ಇರುವ ಮುಖ್ಯ ಷರತ್ತು: ಅದರ ಅಂಚು C ಆಗಿರಬೇಕು. ಫೀಲ್ಡ್ ಬಗ್ಗೆ ಇನ್ನೊಂದು ಷರತ್ತನ್ನು ಕೊನೆಯ ಎಚ್ಚರಿಕೆಯಲ್ಲಿ ನೋಡೋಣ. ತಂತಿಯ ಬಳೆಯನ್ನು ಸೋಪಿನ ನೀರಿಗೆ ಅದ್ದಿ ತೆಗೆದರೆ ಒಂದು ಪೊರೆ ಹಿಡಿಯುತ್ತದೆ ಅಲ್ವಾ, ಅದನ್ನು ಊದಿದರೆ ಉಬ್ಬುತ್ತದೆ, ಅಂಚು ಮಾತ್ರ ತಂತಿಯಲ್ಲೇ ಇರುತ್ತದೆ. ಉಬ್ಬಿದ್ದಾಗಲೂ ಚಪ್ಪಟೆ ಇದ್ದಾಗಲೂ ಬಲಗಡೆಯ ಉತ್ತರ ಒಂದೇ.

ಯಾಕೆ ಒಂದೇ? ಮೇಲ್ಮೈಯನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ಸುತ್ತಲೂ ಒಂದೇ ದಿಕ್ಕಿನಲ್ಲಿ ಸುತ್ತಿ. ಪಕ್ಕಪಕ್ಕದ ಎರಡು ಚೌಕಗಳ ನಡುವಿನ ಗೆರೆಯನ್ನು ಒಂದು ಸಲ ಮೇಲಕ್ಕೆ, ಒಂದು ಸಲ ಕೆಳಕ್ಕೆ ನಡೆದಿರುತ್ತೀರಿ. ಅವೆರಡೂ ಕಳೆದುಹೋಗುತ್ತವೆ. ಒಳಗಿನ ಗೆರೆಗಳೆಲ್ಲ ಹೀಗೆ ಕಳೆದುಹೋಗಿ ಉಳಿಯುವುದು ಹೊರ ಅಂಚು ಮಾತ್ರ, ಅದೇ C. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದಿನ ಎಚ್ಚರಿಕೆಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಸುಮ್ನೆ ತಿಳಿದಿರಲಿ: ಸ್ಟೋಕ್ಸ್ ಹೆಸರಿದ್ದರೂ ಈ ಪ್ರಮೇಯ ಮೊದಲು ಕಾಣಿಸುವುದು 1850ರಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, ಸ್ಟೋಕ್ಸ್ ಅವರಿಗೆ ಬರೆದ ಪತ್ರದಲ್ಲಿ. ಸ್ಟೋಕ್ಸ್ ಅದನ್ನು 1854ರಲ್ಲಿ ಕೇಂಬ್ರಿಜ್‌ನ ಸ್ಮಿತ್ ಬಹುಮಾನದ ಪರೀಕ್ಷೆಯಲ್ಲಿ ಪ್ರಶ್ನೆಯಾಗಿ ಕೊಟ್ಟರು. ಆ ಪರೀಕ್ಷೆ ಬರೆದವರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಕೂಡ ಇದ್ದರು.

## ನಮ್ಮ ಲೆಕ್ಕ

ಪ್ಯಾರಬೊಲಾಯ್ಡ್ ಅಂದರೆ ಬಟ್ಟಲಿನ ಆಕಾರದ ಮೇಲ್ಮೈ, ಅದರ ಸಮೀಕರಣ `z = x² + y²`. ಅದನ್ನು `z = 2x + 3` ಅನ್ನುವ ಓರೆ ಸಮತಲ ಕತ್ತರಿಸುತ್ತದೆ. ಕತ್ತರಿಸಿದ ಗೆರೆಯೇ ನಮ್ಮ C. ಮೇಲಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಅದರ ಮೇಲೆ ಸುತ್ತಬೇಕು. ಫೀಲ್ಡ್ ಇದು:

```
F = ( e^(x²) + y ,  xz + cos(y²) ,  y² + z⁴ )
```

C ಸುತ್ತ F ನ ಸರ್ಕ್ಯುಲೇಷನ್ ಎಷ್ಟು?

## ಹಂತ 1: ಮೊದಲು ಕರ್ಲ್ ತೆಗೆಯಿರಿ

ಮೇಲ್ಮೈಯ ಯೋಚನೆ ಆಮೇಲೆ. ಕರ್ಲ್ ಎಷ್ಟು ಸರಳ ಬರುತ್ತದೆ ಅನ್ನುವುದರ ಮೇಲೆ ಈ ದಾರಿ ಹಿಡಿಯಬೇಕೋ ಬೇಡವೋ ಅಂತ ತೀರ್ಮಾನ ಆಗುತ್ತದೆ. F ನ ಮೂರು ಭಾಗಗಳನ್ನು P, Q, R ಅಂತ ಕರೆದರೆ:

```
curl F = ( R_y − Q_z ,  P_z − R_x ,  Q_x − P_y )
       = ( 2y − x ,  0 ,  z − 1 )
```

ಇಲ್ಲಿ `R_y` ಅಂದರೆ R ಅನ್ನು y ಗೆ ಸಂಬಂಧಿಸಿ ತೆಗೆದ ಪಾರ್ಶಿಯಲ್ ಡೆರಿವೇಟಿವ್. ನೋಡಿ, `e^(x²)`, `cos(y²)`, `z⁴` ಮೂರೂ ಮಾಯವಾದವು. ಮೊದಲ ಭಾಗದಲ್ಲಿ ಬರೀ x, ಎರಡನೇ ಭಾಗದಲ್ಲಿ ಬರೀ y, ಮೂರನೇ ಭಾಗದಲ್ಲಿ ಬರೀ z ಇರುವ ಪದಗಳು ಯಾವತ್ತೂ ಕರ್ಲ್‌ಗೆ ಬರುವುದಿಲ್ಲ. ಪ್ರಶ್ನೆಯಲ್ಲಿ ಭಯಂಕರವಾಗಿ ಕಾಣುವ ಪದ ಇದ್ದರೆ ಅದು ಈ ಜಾತಿಗೆ ಸೇರಿದ್ದಾ ಅಂತ ಮೊದಲು ನೋಡಿ, ಬಹಳ ಸಲ ಹೌದಾಗಿರುತ್ತದೆ.

ಇಲ್ಲಿ ಜಾಸ್ತಿ ಆಗುವ ತಪ್ಪು ನಡುವಿನ ಭಾಗದ ಚಿಹ್ನೆ. ಡಿಟರ್ಮಿನೆಂಟ್ ಬಿಡಿಸುವಾಗ ಅಲ್ಲಿ ಮೈನಸ್ ಬರುತ್ತದೆ, ಅದನ್ನು ಮರೆತರೆ `R_x − P_z` ಅಂತ ಬರೆದುಬಿಡುತ್ತೀರಿ. ಹಿಡಿಯಲು ಒಂದು ಉಪಾಯ ಇದೆ. ಯಾವುದೇ ಕರ್ಲ್‌ನ ಡೈವರ್ಜೆನ್ಸ್ ಸೊನ್ನೆ ಆಗಲೇಬೇಕು. ಅಂದರೆ ಬಂದ ಉತ್ತರದ ಮೊದಲ ಭಾಗವನ್ನು x ಗೆ, ಎರಡನೆಯದನ್ನು y ಗೆ, ಮೂರನೆಯದನ್ನು z ಗೆ ಡಿಫರೆನ್ಷಿಯೇಟ್ ಮಾಡಿ ಕೂಡಿದರೆ ಸೊನ್ನೆ ಬರಬೇಕು. ನಮ್ಮಲ್ಲಿ −1 + 0 + 1 = 0. ಸರಿಯಿದೆ. ಸೊನ್ನೆ ಬರಲಿಲ್ಲ ಅಂದರೆ ಕರ್ಲ್ ಖಂಡಿತ ತಪ್ಪು, ಮುಂದೆ ಹೋಗಬೇಡಿ. ಸೊನ್ನೆ ಬಂದರೆ ಎಲ್ಲ ಸರಿ ಅಂತಲ್ಲ. ಉದಾಹರಣೆಗೆ ಇಲ್ಲಿ ನಡುವಿನ ಭಾಗವೇ ಸೊನ್ನೆ, ಹಾಗಾಗಿ ಅಲ್ಲಿ ಚಿಹ್ನೆ ತಪ್ಪಿದ್ದರೂ ಗೊತ್ತಾಗುತ್ತಿರಲಿಲ್ಲ. ಆದರೂ ಅರ್ಧ ನಿಮಿಷದ ಪರೀಕ್ಷೆ, ಬಿಡಬೇಡಿ.

## ಹಂತ 2: ಮೇಲ್ಮೈ ಆರಿಸಿ

ಇದೇ ನಿಜವಾದ ಹಂತ. C ಎರಡು ಮೇಲ್ಮೈಗಳು ಕೂಡುವ ಜಾಗದಲ್ಲಿದೆ, ಹಾಗಾಗಿ ಎರಡು ಆಯ್ಕೆ ತಾನಾಗೇ ಸಿಕ್ಕಿದೆ. ಒಂದು, C ಯಿಂದ ಕೆಳಗಿರುವ ಬಟ್ಟಲಿನ ತುಂಡು. ಇನ್ನೊಂದು, C ಯೊಳಗೆ ಸಿಕ್ಕಿದ ಸಮತಲದ ತುಂಡು. ಎರಡಕ್ಕೂ ಅಂಚು C ಮಾತ್ರ. ಎರಡೂ ನಡೆಯುತ್ತವೆ.

ಹಾಗಿದ್ದರೆ ಯಾವುದು? ಸಮತಲ. ಅದರ ನಾರ್ಮಲ್ ಎಲ್ಲ ಕಡೆ ಒಂದೇ ದಿಕ್ಕಿಗಿರುತ್ತದೆ, ಡಾಟ್ ಗುಣಾಕಾರ ಮಾಡಿದಾಗ ಹೊಸ x, y ಗಳು ಸೇರಿಕೊಳ್ಳುವುದಿಲ್ಲ. C ಒಂದು ಸಮತಲದಲ್ಲಿ ಕೂತಿದೆ ಅಂತ ಗೊತ್ತಾದರೆ ಮೊದಲು ಆ ಸಮತಲವನ್ನೇ ನೋಡಿ. ಪ್ರಶ್ನೆ ಕೊಟ್ಟವರು "ಬಟ್ಟಲಿನ ಮೇಲ್ಮೈ ಮೇಲೆ ಕರ್ಲ್‌ನ ಇಂಟಿಗ್ರಲ್ ಕಂಡುಹಿಡಿಯಿರಿ" ಅಂತಲೇ ಕೇಳಿದ್ದರೂ ನೀವು ಸಮತಲಕ್ಕೆ ಬದಲಾಯಿಸಿಕೊಳ್ಳಬಹುದು. ಅಂಚು ಒಂದೇ ಆಗಿದ್ದರೆ ಉತ್ತರವೂ ಒಂದೇ.

ಇಲ್ಲಿ ಎರಡು ತಪ್ಪು ಮೇಲ್ಮೈಗಳ ಬಗ್ಗೆ ಹೇಳಲೇಬೇಕು, ಯಾಕಂದರೆ ಉತ್ತರ ಕೆಡುವುದು ಹೆಚ್ಚಾಗಿ ಇಲ್ಲೇ.

ಮೊದಲನೆಯದು ನೆರಳು. C ಯನ್ನು ನೇರ ಮೇಲಿಂದ ನೋಡಿದರೆ xy ಸಮತಲದ ಮೇಲೆ ಒಂದು ವೃತ್ತದಂತೆ ಕಾಣುತ್ತದೆ. ಆ ವೃತ್ತದ ತಟ್ಟೆಯನ್ನೇ S ಅಂತ ತೆಗೆದುಕೊಂಡು, n = (0, 0, 1) ಹಾಕಿ, z = 0 ಇಟ್ಟು ಲೆಕ್ಕ ಮಾಡುವವರು ತುಂಬಾ ಜನ. ಹಾಗೆ ಮಾಡಿದರೆ z − 1 ಅನ್ನುವುದು −1 ಆಗುತ್ತದೆ, ಉತ್ತರ −4π ಬರುತ್ತದೆ, ಅದು ತಪ್ಪು. ಆ ತಟ್ಟೆಯ ಅಂಚು C ಅಲ್ಲ, C ಯ ನೆರಳು. ನೆರಳು ನಮಗೆ ಬೇಕಾಗುವುದು ಇಂಟಿಗ್ರಲ್‌ನ ಮಿತಿಗಳನ್ನು ಹಾಕಲು ಮಾತ್ರ.

ಎರಡನೆಯದು ಸಿಲಿಂಡರ್. C ಯ ನೆರಳಿನ ಮೇಲೆ ನೇರ ಗೋಡೆ ಕಟ್ಟಿದರೆ C ಆ ಗೋಡೆಯ ಮೇಲೂ ಇರುತ್ತದೆ. ಆದರೆ ಗೋಡೆಗೆ ಎರಡು ಅಂಚು, ಮೇಲೆ C, ಕೆಳಗೆ ನೆರಳಿನ ವೃತ್ತ. ಗೋಡೆ ಒಂದನ್ನೇ ತೆಗೆದುಕೊಂಡರೆ ಎರಡು ಅಂಚುಗಳ ಸರ್ಕ್ಯುಲೇಷನ್‌ಗಳ ವ್ಯತ್ಯಾಸ ಸಿಗುತ್ತದೆ, C ಯದ್ದಲ್ಲ. ಗೋಡೆಯ ಜೊತೆಗೆ ಕೆಳಗಿನ ತಟ್ಟೆಯನ್ನೂ ಸೇರಿಸಿದರೆ ಸರಿಯಾಗುತ್ತದೆ, ಆದರೆ ಕೆಲಸ ಎರಡು ಪಟ್ಟು. "C ಈ ಮೇಲ್ಮೈ ಮೇಲಿದೆಯಾ" ಅಂತ ಕೇಳಿದರೆ ಸಾಲದು, "ಈ ಮೇಲ್ಮೈಗೆ C ಬಿಟ್ಟು ಬೇರೆ ಅಂಚಿದೆಯಾ" ಅಂತ ಕೇಳಬೇಕು.

## ಹಂತ 3: ದಿಕ್ಕು ಸರಿಮಾಡಿ

ಬಲಗೈಯ ಬೆರಳುಗಳನ್ನು C ಮೇಲೆ ಸುತ್ತುವ ದಿಕ್ಕಿಗೆ ಮಡಚಿ, ಹೆಬ್ಬೆರಳು ತೋರಿಸುವ ಕಡೆ n ಇರಬೇಕು. ಮೇಲಿಂದ ನೋಡಿದಾಗ ಮುಳ್ಳಿಗೆ ವಿರುದ್ಧ ಅಂದಿರುವುದರಿಂದ n ಮೇಲ್ಮುಖ, ಅಂದರೆ ಅದರ z ಭಾಗ ಪಾಸಿಟಿವ್. ಬಟ್ಟಲನ್ನು ಆರಿಸಿದ್ದರೂ n ಮೇಲಕ್ಕೇ, ಅಂದರೆ ಬಟ್ಟಲಿನ ಒಳಗಡೆಗೆ. "ಬಟ್ಟಲಿಗೆ ಹೊರಮುಖ ನಾರ್ಮಲ್" ಅಂತ ಅಭ್ಯಾಸಬಲದಿಂದ ತೆಗೆದುಕೊಂಡರೆ ಉತ್ತರದ ಚಿಹ್ನೆ ತಿರುಗಿಬಿಡುತ್ತದೆ. ಹೊರಮುಖ ಅನ್ನುವುದು ಪೂರ್ತಿ ಮುಚ್ಚಿದ ಮೇಲ್ಮೈಗಳ, ಡೈವರ್ಜೆನ್ಸ್ ಪ್ರಮೇಯದ ಮಾತು. ಇಲ್ಲಿ n ನ ದಿಕ್ಕು ತೀರ್ಮಾನ ಮಾಡುವುದು C ಮಾತ್ರ.

## ಹಂತ 4: n dS ಅನ್ನು ಒಟ್ಟಿಗೆ ಬರೆಯಿರಿ

ಮೇಲ್ಮೈ `z = g(x, y)` ರೂಪದಲ್ಲಿದ್ದರೆ ಮೇಲ್ಮುಖ ನಾರ್ಮಲ್‌ಗೆ:

```
n dS = ( −g_x , −g_y , 1 ) dx dy
```

ನಮ್ಮ ಸಮತಲಕ್ಕೆ `g = 2x + 3`, ಹಾಗಾಗಿ `n dS = (−2, 0, 1) dx dy`. ಮುಗಿಯಿತು, ಇದಕ್ಕೆ ಬೇರೇನೂ ಸೇರಿಸಬೇಡಿ.

ಕೆಲವರು n ಯೂನಿಟ್ ಉದ್ದ ಇರಬೇಕಲ್ಲ ಅಂತ √5 ರಿಂದ ಭಾಗಿಸುತ್ತಾರೆ. ಅದು ತಪ್ಪಲ್ಲ, ಆದರೆ ಆಗ dS ಅನ್ನುವುದು √5 dx dy ಆಗುತ್ತದೆ, ಯಾಕಂದರೆ ಓರೆ ತುಂಡಿನ ವಿಸ್ತೀರ್ಣ ಅದರ ನೆರಳಿಗಿಂತ ಜಾಸ್ತಿ. ಎರಡು √5 ಹೊಡೆದುಹೋಗುತ್ತವೆ. ಒಂದನ್ನು ಬರೆದು ಇನ್ನೊಂದನ್ನು ಮರೆತರೆ ಉತ್ತರದ ಛೇದದಲ್ಲಿ √5 ಉಳಿದುಬಿಡುತ್ತದೆ. ನಿಮ್ಮ ಉತ್ತರದಲ್ಲಿ ಕಾರಣವಿಲ್ಲದೆ ಒಂದು ವರ್ಗಮೂಲ ನಿಂತಿದ್ದರೆ ಇಲ್ಲಿಗೆ ಬಂದು ಹುಡುಕಿ. n ಬೇರೆ, dS ಬೇರೆ ಬರೆಯುವ ಅಭ್ಯಾಸವನ್ನೇ ಬಿಟ್ಟರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

## ಹಂತ 5: ಡಾಟ್ ಮಾಡಿ, z ತೆಗೆದುಹಾಕಿ

```
(2y − x, 0, z − 1) · (−2, 0, 1) = 2x − 4y + z − 1
```

ಈಗ ನಾವಿರುವುದು ಸಮತಲದ ಮೇಲೆ, ಹಾಗಾಗಿ z ಬದಲು `2x + 3` ಹಾಕಬೇಕು:

```
2x − 4y + (2x + 3) − 1 = 4x − 4y + 2
```

dx dy ಬರೆದ ಮೇಲೆ ಇಂಟಿಗ್ರಲ್ ಒಳಗೆ z ಉಳಿದಿರಬಾರದು. ಉಳಿದಿದ್ದರೆ ಮೇಲ್ಮೈಯ ಸಮೀಕರಣ ಹಾಕುವುದನ್ನು ಮರೆತಿದ್ದೀರಿ ಅಂತ ಅರ್ಥ. ಸಮತಲ ಆರಿಸಿಕೊಂಡು z ಜಾಗಕ್ಕೆ `x² + y²` ಹಾಕುವವರೂ ಇದ್ದಾರೆ. ಅಂಚಿನ ಮೇಲೆ ಎರಡೂ ಒಂದೇ, ಒಳಗಡೆ ಅಲ್ಲ. ಯಾವ ಮೇಲ್ಮೈ ಹಿಡಿದಿದ್ದೀರೋ ಅದರ z ಮಾತ್ರ ಹಾಕಿ.

## ಹಂತ 6: ನೆರಳು ಯಾವುದು ಅಂತ ನೋಡಿ, ಇಂಟಿಗ್ರೇಟ್ ಮಾಡಿ

ಎರಡು z ಗಳನ್ನು ಸಮ ಮಾಡಿದರೆ `x² + y² = 2x + 3`. x ನ ಪದಗಳನ್ನು ಪೂರ್ಣ ವರ್ಗ ಮಾಡಿದರೆ:

```
(x − 1)² + y² = 4
```

ನೆರಳು (1, 0) ಕೇಂದ್ರದ, 2 ತ್ರಿಜ್ಯದ ವೃತ್ತ. ವಿಸ್ತೀರ್ಣ 4π. ಕೇಂದ್ರ ಮೂಲಬಿಂದುವಿನಲ್ಲಿಲ್ಲ ಅನ್ನುವುದನ್ನು ಗಮನಿಸಿ. ವೃತ್ತ ಕಂಡ ಕೂಡಲೇ `x = r cos θ` ಹಾಕಿ r ಅನ್ನು 0 ರಿಂದ 2 ರವರೆಗೆ ಓಡಿಸಿದರೆ ಬೇರೆಯದೇ ತಟ್ಟೆಯ ಮೇಲೆ ಲೆಕ್ಕ ಮಾಡಿದಂತೆ, ಆಗ 8π ಬರುತ್ತದೆ. ಪೋಲಾರ್ ಬೇಕೇ ಬೇಕಿದ್ದರೆ `x = 1 + r cos θ` ಹಾಕಿ.

ಆದರೆ ಇಲ್ಲಿ ಪೋಲಾರ್ ಬೇಕಾಗಿಲ್ಲ. `4x − 4y + 2` ರೇಖೀಯ, ಅಂದರೆ x, y ಗಳ ಮೊದಲ ಘಾತ ಮಾತ್ರ ಇದೆ. ವೃತ್ತದ ಮೇಲೆ x ನ ಸರಾಸರಿ ಅದರ ಕೇಂದ್ರದ x, ಅಂದರೆ 1. y ನ ಸರಾಸರಿ 0. ಹಾಗಾಗಿ ಒಳಗಿರುವುದರ ಸರಾಸರಿ 4·1 − 0 + 2 = 6. ಅದನ್ನು ವಿಸ್ತೀರ್ಣದಿಂದ ಗುಣಿಸಿ:

```
6 × 4π = 24π ≈ 75.398
```

ಉತ್ತರ 24π.

## ಹಂತ 7: ಇನ್ನೊಂದು ದಾರಿಯಿಂದ ತಾಳೆ ನೋಡಿ

ಬಟ್ಟಲಿನ ತುಂಡಿನ ಮೇಲೆ ಮಾಡಿ ನೋಡೋಣ. `n dS = (−2x, −2y, 1) dx dy`, z ಬದಲು `x² + y²`:

```
−2x(2y − x) + (x² + y²) − 1 = 3x² + y² − 4xy − 1
```

ಅದೇ ನೆರಳಿನ ಮೇಲೆ x² ನ ಸರಾಸರಿ 2, y² ನ ಸರಾಸರಿ 1, xy ಯದ್ದು 0. ಇದಕ್ಕೆ ಕಾರಣ: R ತ್ರಿಜ್ಯದ ತಟ್ಟೆಯಲ್ಲಿ ಕೇಂದ್ರದಿಂದ ಅಳೆದ ದೂರದ ಒಂದು ಭಾಗದ ವರ್ಗದ ಸರಾಸರಿ R²/4, ಇಲ್ಲಿ 1. x ಗೆ ಕೇಂದ್ರದ 1² ಕೂಡ ಸೇರುತ್ತದೆ. ಒಟ್ಟು 6 + 1 − 0 − 1 = 6, ಮತ್ತೆ 24π. ಎರಡು ಮೇಲ್ಮೈ, ಒಂದೇ ಉತ್ತರ. ಕೆಲಸ ಮಾತ್ರ ಎರಡನೆಯದರಲ್ಲಿ ಜಾಸ್ತಿ.

ಕಂಪ್ಯೂಟರ್ ಹತ್ತಿರ ಇದ್ದರೆ ಎಡಗಡೆಯ ಇಂಟಿಗ್ರಲ್ ಅನ್ನೇ ನೇರ ಸಂಖ್ಯೆಯಲ್ಲಿ ನೋಡಬಹುದು. C ಯ ಮೇಲೆ `x = 1 + 2cos t`, `y = 2 sin t`, `z = 2x + 3 = 5 + 4cos t`:

```python
import numpy as np
N = 4000
t = np.arange(N) * 2*np.pi / N
x, y, z = 1 + 2*np.cos(t), 2*np.sin(t), 5 + 4*np.cos(t)
dx, dy, dz = -2*np.sin(t), 2*np.cos(t), -4*np.sin(t)
P = np.exp(x**2) + y
Q = x*z + np.cos(y**2)
R = y**2 + z**4
print(np.sum(P*dx + Q*dy + R*dz) * 2*np.pi / N, 24*np.pi)
```

ಎರಡು ಸಂಖ್ಯೆಗಳೂ ಒಂದೇ ಬರುತ್ತವೆ. ಚಿಹ್ನೆ ಮಾತ್ರ ಬೇರೆ ಬಂದರೆ ಹಂತ 3 ನೋಡಿ.

## ಕೊಟ್ಟಿರುವುದು t ಯ ಸೂತ್ರ ಮಾತ್ರ ಆಗಿದ್ದರೆ

ಕೆಲವು ಪ್ರಶ್ನೆಗಳಲ್ಲಿ ಮೇಲ್ಮೈಯ ಹೆಸರೇ ಇರುವುದಿಲ್ಲ. `x = cos t, y = sin t, z = cos 2t` ಅಂತ ಕೊಟ್ಟು ಬಿಟ್ಟಿರುತ್ತಾರೆ. ಈ ರೇಖೆ ಯಾವ ಸಮತಲದಲ್ಲೂ ಕೂರುವುದಿಲ್ಲ, ಒಂದು ಸುತ್ತಿನಲ್ಲಿ ಎರಡು ಸಲ ಮೇಲೆ, ಎರಡು ಸಲ ಕೆಳಗೆ ಹೋಗುತ್ತದೆ. ಆಗ z ಅನ್ನು x, y ಗಳಲ್ಲಿ ಬರೆಯಲು ನೋಡಿ. `cos 2t = cos² t − sin² t`, ಹಾಗಾಗಿ `z = x² − y²`, ಕುದುರೆಯ ಜೀನಿನ ಆಕಾರ. ಮೇಲ್ಮೈ ಸಿಕ್ಕಿತು. ನೆರಳು ಮೂಲಬಿಂದುವಿನ ಸುತ್ತಲಿನ 1 ತ್ರಿಜ್ಯದ ವೃತ್ತ.

ಅದೇ F ತೆಗೆದುಕೊಂಡರೆ `n dS = (−2x, 2y, 1) dx dy`, ಡಾಟ್ ಮಾಡಿ z ಹಾಕಿದರೆ `3x² − y² − 4xy − 1`. ಇಲ್ಲಿ x² ಮತ್ತು y² ಎರಡರ ಸರಾಸರಿಯೂ 1/4, xy ಯದ್ದು 0. ಒಟ್ಟು ಸರಾಸರಿ −1/2, ವಿಸ್ತೀರ್ಣ π, ಉತ್ತರ −π/2. t ಇದ್ದ ಹಾಗೇ ಇಟ್ಟುಕೊಂಡು ನೇರವಾಗಿ ಆ ರೇಖೆಯ ಮೇಲೆ ಮಾಡಿದರೂ ಇದೇ ಬರುತ್ತದೆ, ಬೇಕಿದ್ದರೆ ಮೇಲಿನ ಕೋಡ್‌ನಲ್ಲಿ x, y, z ಮತ್ತು dx, dy, dz ಬದಲಾಯಿಸಿ ನೋಡಿ.

ತ್ರಿಕೋನವಾದರೆ ಇನ್ನೂ ಸುಲಭ. ಕರ್ಲ್ ರೇಖೀಯವಾಗಿದ್ದರೆ ತ್ರಿಕೋನದ ಗುರುತ್ವಕೇಂದ್ರದಲ್ಲಿ ಕರ್ಲ್ ಎಷ್ಟು ಅಂತ ನೋಡಿ, ಎರಡು ಬದಿಗಳ ಕ್ರಾಸ್ ಗುಣಾಕಾರದ ಅರ್ಧದ ಜೊತೆ ಡಾಟ್ ಮಾಡಿದರೆ ಮುಗಿಯಿತು. A(1,0,0), B(0,2,0), C(0,0,3) ಈ ಕ್ರಮದಲ್ಲಿ ಸುತ್ತಿದರೆ ಅರ್ಧ ಕ್ರಾಸ್ (3, 1.5, 1), ಗುರುತ್ವಕೇಂದ್ರ (1/3, 2/3, 1), ಅಲ್ಲಿ ನಮ್ಮ F ನ ಕರ್ಲ್ (1, 0, 0). ಉತ್ತರ 3. ಮೂರು ಬದಿಗೆ ಮೂರು ರೇಖಾ ಇಂಟಿಗ್ರಲ್ ಬರೆಯುವ ಕೆಲಸ ಉಳಿಯಿತು.

## ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ: ಮೇಲ್ಮೈಯ ಒಳಗೆ ಫೀಲ್ಡ್ ಇದೆಯಾ?

F ಮತ್ತು ಅದರ ಮೊದಲ ಡೆರಿವೇಟಿವ್‌ಗಳು C ಯ ಮೇಲೆ ಚೆನ್ನಾಗಿದ್ದರೆ ಸಾಲದು. ನೀವು ಆರಿಸಿದ ಮೇಲ್ಮೈಯ ಪ್ರತಿ ಬಿಂದುವಿನಲ್ಲೂ ಚೆನ್ನಾಗಿರಬೇಕು. ಒಂದೇ ಒಂದು ಬಿಂದುವಿನಲ್ಲಿ ಛೇದ ಸೊನ್ನೆ ಆದರೂ ಚೌಕಗಳಾಗಿ ಕತ್ತರಿಸುವ ಆ ವಾದ ಅಲ್ಲಿ ಮುರಿಯುತ್ತದೆ.

ಎಲ್ಲ ಪುಸ್ತಕಗಳಲ್ಲೂ ಬರುವ ಫೀಲ್ಡ್ ಇದು:

```
G = ( −y/(x²+y²) ,  x/(x²+y²) ,  0 )
```

ಇದರ ಕರ್ಲ್ ತೆಗೆದರೆ ಸೊನ್ನೆ. ಹಾಗಾದರೆ ನಮ್ಮ C ಸುತ್ತ ಸರ್ಕ್ಯುಲೇಷನ್ ಕೂಡ ಸೊನ್ನೆ ಅಂತ ಬರೆಯಬಹುದಾ? ಇಲ್ಲ. G ಅನ್ನುವುದು z ಅಕ್ಷದ ಮೇಲೆ ಇಲ್ಲವೇ ಇಲ್ಲ. C ಯ ನೆರಳಿನ ಕೇಂದ್ರ (1, 0), ತ್ರಿಜ್ಯ 2, ಹಾಗಾಗಿ ಮೂಲಬಿಂದು ನೆರಳಿನ ಒಳಗಿದೆ, ಅಂದರೆ C ಅಕ್ಷವನ್ನು ಸುತ್ತಿಕೊಂಡಿದೆ. ಸಮತಲ ಹಿಡಿಯಿರಿ, ಬಟ್ಟಲು ಹಿಡಿಯಿರಿ, ಎಷ್ಟು ಬೇಕಾದರೂ ಉಬ್ಬಿಸಿ, ಅಕ್ಷ ಅದನ್ನು ಚುಚ್ಚಿಕೊಂಡೇ ಹೋಗುತ್ತದೆ. ತಪ್ಪಿಸಿಕೊಳ್ಳುವ ಮೇಲ್ಮೈ ಇಲ್ಲ.

ದಾರಿ ಏನು ಅಂದರೆ, ಸಮತಲದ ತುಂಡಿನಲ್ಲಿ ಅಕ್ಷದ ಸುತ್ತ ಒಂದು ಸಣ್ಣ ರಂಧ್ರ ಕತ್ತರಿಸಿ. ಈಗ ಮೇಲ್ಮೈಗೆ ಎರಡು ಅಂಚು: C, ಮತ್ತು ರಂಧ್ರದ ಅಂಚು. ಉಳಿದ ಮೇಲ್ಮೈ ಮೇಲೆ ಕರ್ಲ್ ಸೊನ್ನೆ, ಹಾಗಾಗಿ ಎರಡು ಅಂಚುಗಳ ಸುತ್ತಲೂ ಒಂದೇ ದಿಕ್ಕಿನಲ್ಲಿ ಅಳೆದ ಸರ್ಕ್ಯುಲೇಷನ್ ಸಮ. ರಂಧ್ರದ ಅಂಚಿನ ನೆರಳು ಮೂಲಬಿಂದುವಿನ ಸುತ್ತ ಸಣ್ಣ ವೃತ್ತ ಆಗುವಂತೆ ಕತ್ತರಿಸಿದರೆ, ಅಲ್ಲಿ `G · dr` ಅನ್ನುವುದು ಬರೀ dθ. ಒಂದು ಸುತ್ತಿಗೆ 2π. ಹಾಗಾಗಿ C ಸುತ್ತಲೂ 2π. F + G ಯ ಸರ್ಕ್ಯುಲೇಷನ್ ಕೇಳಿದರೆ 24π + 2π = 26π.

ಭೌತಶಾಸ್ತ್ರ ಓದುವವರಿಗೆ ಈ G ಹಳೆಯ ಪರಿಚಯ. ನೇರವಾದ, ತುಂಬಾ ಉದ್ದದ ತಂತಿಯಲ್ಲಿ ಕರೆಂಟ್ I ಹರಿದರೆ ಅದರ ಸುತ್ತಲಿನ ಕಾಂತಕ್ಷೇತ್ರ `μ₀I/2π` ಗುಣಿಸಿದ G. ಅದರ ಸರ್ಕ್ಯುಲೇಷನ್ `μ₀I`, ಅದೇ ಆಂಪಿಯರ್ ನಿಯಮ. ನಿಜವಾದ ತಂತಿಗೆ ದಪ್ಪ ಇರುತ್ತದೆ, ಅದರೊಳಗೆ ಕರ್ಲ್ ಸೊನ್ನೆ ಅಲ್ಲ, ಛೇದವೂ ಸೊನ್ನೆ ಆಗುವುದಿಲ್ಲ. ಆಗ ಪ್ರಮೇಯ ತಟ್ಟೆಯ ಮೇಲೆ ನೇರವಾಗಿ ನಡೆಯುತ್ತದೆ, ಇಡೀ `μ₀I` ತಂತಿಯ ಒಳಗಿನಿಂದ ಬರುತ್ತದೆ. ತಂತಿಯನ್ನು ಗೆರೆಯಷ್ಟು ತೆಳು ಮಾಡಿದಾಗ ಆ ಕರ್ಲ್ ಎಲ್ಲ ಅಕ್ಷದೊಳಗೆ ಅಡಗಿಕೊಳ್ಳುತ್ತದೆ, ಸೂತ್ರ ನಮಗೆ ಸುತ್ತಲೂ ಸೊನ್ನೆ ತೋರಿಸುತ್ತದೆ.

ತೊಂದರೆ ಇಡೀ ಗೆರೆಯಲ್ಲಲ್ಲ, ಒಂದು ಬಿಂದುವಿನಲ್ಲಿ ಮಾತ್ರ ಅಂದರೆ ಕತೆ ಬೇರೆ. ಇದನ್ನು ನೋಡಿ, r ಅಂದರೆ ಮೂಲಬಿಂದುವಿನಿಂದ ದೂರ:

```
H = ( x/r³ ,  y/r³ ,  z/r³ )
```

H ಮೂಲಬಿಂದುವಿನಲ್ಲಿ ಮಾತ್ರ ಕೆಡುತ್ತದೆ, ಬೇರೆ ಎಲ್ಲ ಕಡೆ ಕರ್ಲ್ ಸೊನ್ನೆ. ನಮ್ಮ ಬಟ್ಟಲಿನ ತುಂಡು (0, 0, 0) ಮೂಲಕವೇ ಹಾದುಹೋಗುತ್ತದೆ, ಹಾಗಾಗಿ ಅದು ನಡೆಯುವುದಿಲ್ಲ. ಸಮತಲದ ತುಂಡು x = 0, y = 0 ಇರುವಲ್ಲಿ z = 3 ಎತ್ತರದಲ್ಲಿ ಹೋಗುತ್ತದೆ, ಮೂಲಬಿಂದುವನ್ನು ಮುಟ್ಟುವುದೇ ಇಲ್ಲ. ಅದನ್ನು ಹಿಡಿದರೆ ಪ್ರಮೇಯ ಪೂರ್ತಿ ಸರಿ, ಸರ್ಕ್ಯುಲೇಷನ್ ಸೊನ್ನೆ. ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬಂದರೆ ಸೊನ್ನೆ ಅಂತ ಬರೆದು ಬಿಡಬೇಡಿ. ಯಾವ ಮೇಲ್ಮೈ ತೆಗೆದುಕೊಂಡಿರಿ, ಅದು ಮೂಲಬಿಂದುವನ್ನು ಹೇಗೆ ತಪ್ಪಿಸುತ್ತದೆ ಅನ್ನುವ ಒಂದು ಸಾಲು ಸೇರಿಸಿ.

## ಈ ದಾರಿ ಯಾವಾಗ ಬೇಡ

ಕರ್ಲ್ ತೆಗೆದಾಗ F ಗಿಂತ ಜಾಸ್ತಿ ಗೋಜಲು ಬಂದರೆ, ಅಥವಾ C ಒಂದು ಸರಳ ವೃತ್ತವಾಗಿದ್ದು F ಅದರ ಮೇಲೆ ತಾನೇ ಚಿಕ್ಕದಾಗುತ್ತಿದ್ದರೆ, ನೇರ ರೇಖಾ ಇಂಟಿಗ್ರಲ್ ಮಾಡಿ. ಮೇಲಿನ G ಗೆ ವೃತ್ತದ ಮೇಲೆ ಅದೇ ಸುಲಭ. ನಮ್ಮ F ಗೂ ಕರ್ಲ್‌ಗೆ ಬಾರದ ಮೂರು ಪದಗಳನ್ನು ಮೊದಲೇ ಎಸೆದರೆ ನೇರ ದಾರಿ ಅಷ್ಟೇನೂ ಕಷ್ಟವಲ್ಲ: `y dx` ನಿಂದ −4π, `xz dy` ನಿಂದ 28π, `y² dz` ನಿಂದ 0 ಬರುತ್ತದೆ. ಒಂದು ಸುತ್ತು ಪೂರ್ತಿ ಬಂದಾಗ `e^(x²)`, `cos(y²)`, `z⁴` ಈ ಮೂರು ಪದಗಳಿಂದ ಬರುವುದು ಸೊನ್ನೆ, ಹಾಗಾಗಿ ಅವನ್ನು ಎಸೆಯಬಹುದು.

ಆದರೆ C ಮುಚ್ಚಿರಲೇಬೇಕು. ತೆರೆದ ರೇಖೆ ಕೊಟ್ಟಿದ್ದರೆ ಎರಡು ತುದಿಗಳನ್ನು ನೇರ ಗೆರೆಯಿಂದ ಸೇರಿಸಿ ಮುಚ್ಚಿ, ಪ್ರಮೇಯ ಬಳಸಿ, ಕೊನೆಗೆ ಆ ಗೆರೆಯ ಮೇಲಿನ ಇಂಟಿಗ್ರಲ್ ಕಳೆಯಿರಿ. ಆ ಗೆರೆಯ ಮೇಲೆ ಮಾಡುವಾಗ ಮಾತ್ರ `e^(x²)` ತರಹದ ಪದಗಳನ್ನು ಎಸೆಯುವ ಹಾಗಿಲ್ಲ, ಅವು ಮುಚ್ಚಿದ ಸುತ್ತಿಗೆ ಮಾತ್ರ ಸೊನ್ನೆ.